ಸೆಂಟ್ ಫೋಲ್ಡರ್‌ಗೆ ಕೈ ಹಾಕುವ ಮುಂಚೆ

ನಾನು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಒಡೆದ ಡಿಸ್‌ಪ್ಲೇ ಬಿಟ್ಟರೆ ನಮ್ಮಲ್ಲಿಗೆ ಜಾಸ್ತಿ ಬರುವ ದೂರು ಒಂದೇ: "ಅಣ್ಣ, ಮೆಮೊರಿ ಫುಲ್ ಅಂತಾನೇ ತೋರಿಸ್ತಿದೆ."

ಬ್ಲೌಸ್ ಹೊಲಿಯುವ ಅಕ್ಕ ಒಬ್ಬರು ತಂದದ್ದು 32 ಜಿಬಿ ಫೋನು. ಅದರಲ್ಲಿ ಆಗಲೇ ಎರಡು ಕ್ಲೀನರ್ ಆಪ್ ಇದ್ದವು. ದಿನಾ ಕ್ಲೀನ್ ಒತ್ತುತ್ತಿದ್ದರಂತೆ. ಈ ಆಪ್‌ಗಳ ಕೈಯಲ್ಲಿ ಆಗುವುದು ಅಷ್ಟರಲ್ಲೇ ಇದೆ. ಈಗಿನ ಆಂಡ್ರಾಯ್ಡ್ ಒಂದು ಆಪ್‌ಗೆ ಇನ್ನೊಂದರ ಕ್ಯಾಶ್ ಅನ್ನು, ಅಂದರೆ ಅದು ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲ್‌ಗಳನ್ನು, ತಾನಾಗಿ ಅಳಿಸಲು ಬಿಡುವುದಿಲ್ಲ. ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಅಳಿಸಿದರೂ, ಆಪ್ ಬಳಸಿದಂತೆಲ್ಲ ಅದು ಮತ್ತೆ ತುಂಬುತ್ತದೆ. ಎರಡನ್ನೂ ತೆಗೆದುಹಾಕಿ ಫೈಲ್ಸ್ ಬೈ ಗೂಗಲ್ ತೆರೆದು ಹುಡುಕಿದೆ. ಮೂರು ಜಿಬಿ ಇಲ್ಲಿ ಕೂತಿತ್ತು:

```
Android/media/com.whatsapp/WhatsApp/Media/WhatsApp Images/Sent
```

ನಾವು ಕಳಿಸಿದ ಫೋಟೋದ ಒಂದು ಪ್ರತಿಯನ್ನು ವಾಟ್ಸಾಪ್ ಇಲ್ಲಿ ಇಟ್ಟುಕೊಳ್ಳುತ್ತದೆ. ಒಳಗೆ `.nomedia` ಅನ್ನುವ ಫೈಲ್ ಇರುವುದರಿಂದ ಗ್ಯಾಲರಿಯಲ್ಲಿ ಈ ಫೋಟೋಗಳು ಕಾಣಿಸುವುದಿಲ್ಲ. ಕಣ್ಣಿಗೇ ಬೀಳದ್ದನ್ನು ಯಾರು ಅಳಿಸುತ್ತಾರೆ, ಅಲ್ವಾ?

ಹೇಗೂ ಡೂಪ್ಲಿಕೇಟು ಅಂದುಕೊಂಡು ಎಲ್ಲ ಆಯ್ಕೆ ಮಾಡಿ ಡಿಲೀಟ್ ಕೊಟ್ಟೆ. ಸ್ಟೋರೇಜ್ ನೋಡಿದರೆ ಒಂದು ಚೂರೂ ಕಡಿಮೆಯಾಗಿಲ್ಲ. ಫೈಲ್‌ಗಳು ಟ್ರ್ಯಾಶ್‌ಗೆ ಹೋಗಿದ್ದವು. ಅಲ್ಲಿ 30 ದಿನ ಇರುತ್ತವೆ, ಅಷ್ಟೂ ದಿನ ಜಾಗ ಹಿಡಿದೇ ಇರುತ್ತವೆ. ಅಕ್ಕ ಎದುರಿಗೇ ನಿಂತಿದ್ದರು. ಜಾಗ ಆದದ್ದು ತೋರಿಸಬೇಕೆಂಬ ಆತುರದಲ್ಲಿ ಟ್ರ್ಯಾಶ್ ಕೂಡ ಖಾಲಿ ಮಾಡಿದೆ. ಮೂರು ಜಿಬಿ ಸಿಕ್ಕಿತು. ಖುಷಿಯಾಗಿ ದುಡ್ಡು ಕೊಟ್ಟು ಹೋದರು.

ಸಂಜೆಗೇ ವಾಪಸ್ ಬಂದರು. ಚಾಟ್ ತೆರೆದರೆ ಅವರು ಕಳಿಸಿದ್ದ ಡಿಸೈನ್‌ಗಳೆಲ್ಲ ಮಸುಕು. ಒತ್ತಿದರೆ ಫೈಲ್ ಇಲ್ಲ ಅನ್ನುತ್ತಿತ್ತು. ಜಾಗ ಸಾಲದೆ ಹೋದ ತಿಂಗಳೇ ಗ್ಯಾಲರಿಯ ಫೋಟೋಗಳನ್ನು ಅವರೇ ಅಳಿಸಿದ್ದರು. "ವಾಟ್ಸಾಪಲ್ಲಿ ಹೇಗೂ ಇದೆಯಲ್ಲ ಅಂತ ಸುಮ್ನಿದ್ದೆ ಅಣ್ಣ" ಅಂದರು. ನಾನು ಡೂಪ್ಲಿಕೇಟು ಅಂದುಕೊಂಡದ್ದೇ ಉಳಿದಿದ್ದ ಒಂದೇ ಪ್ರತಿ. ಕೇಳಿದ್ದರೆ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಅಕ್ಕನ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೇಳಿ ಫೋಟೋಗಳನ್ನು ವಾಪಸ್ ತರಿಸಿಕೊಂಡೆವು. ತಮ್ಮ ಫೋನಿನಲ್ಲಿ ಅಳಿಸಿಬಿಟ್ಟಿದ್ದವರಿಂದ ಏನೂ ಬರಲಿಲ್ಲ. ಅವತ್ತಿನ ದುಡ್ಡು ವಾಪಸ್ ಕೊಟ್ಟೆ.

ಈಗ ನಾನು ಮೊದಲು ವಾಟ್ಸಾಪ್ ಸೆಟ್ಟಿಂಗ್ಸ್‌ನ `Manage storage` ತೆರೆಯುತ್ತೇನೆ. ಹಲವು ಸಲ ಫಾರ್ವರ್ಡ್ ಆದವು, 5 ಎಂಬಿ ಮೀರಿದವು ಅಲ್ಲೇ ಬೇರೆಬೇರೆಯಾಗಿ ಸಿಗುತ್ತವೆ. ಗುಡ್ ಮಾರ್ನಿಂಗ್ ವಿಡಿಯೋ ಅಳಿಸಿದ್ದಕ್ಕೆ ಇದುವರೆಗೂ ಯಾರೂ ಬೈದಿಲ್ಲ. ಸೆಂಟ್ ಫೋಲ್ಡರ್ ಮುಟ್ಟಬೇಕಾದರೆ ಮೊದಲು ಒಟಿಜಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಅದರಲ್ಲಿ ಎರಡು ಮೂರು ಫೋಟೋ ತೆರೆದು ನೋಡುತ್ತೇನೆ. ಟ್ರ್ಯಾಶ್ ಖಾಲಿ ಮಾಡುವುದು ಮಾತ್ರ ಗಿರಾಕಿ ಒಂದು ದಿನ ಫೋನ್ ಬಳಸಿ ಬಂದ ಮೇಲೆ. "ಇನ್ನೂ ಫುಲ್ ಅಂತಾನೇ ಇದೆಯಲ್ಲಾ" ಅಂತ ಗೊಣಗುತ್ತಾರೆ. ನಾಳೆ ಬನ್ನಿ ಅನ್ನುತ್ತೇನೆ.