ಮೆನುವಿನಲ್ಲಿ ಹುಬ್ಬಳ್ಳಿ ಒಡೆದು ಕಂಡದ್ದು: ಬಸ್ ಆಟದ ಕೆಲಸದ ದಾಖಲೆ

ಹುಬ್ಬಳ್ಳಿ–ಧಾರವಾಡ ಮಾರ್ಗದ ಕಂಡಕ್ಟರನಾಗಿ ಟಿಕೆಟ್ ಹರಿಯುತ್ತ ಹೋಗುವ ಒಂದು ಸಣ್ಣ ಆಟವನ್ನು ಸಿ ಭಾಷೆಯಲ್ಲಿ, ಎಸ್‌ಡಿಎಲ್ 2 ಬಳಸಿ, ರಜೆಯ ದಿನಗಳಲ್ಲಿ ಬರೆಯುತ್ತಿದ್ದೇನೆ. ಬಸ್ಸು ಓಡುತ್ತದೆ, ಚಿಲ್ಲರೆಯ ಲೆಕ್ಕವೂ ತಪ್ಪುತ್ತಿಲ್ಲ. ಕಳೆದ ಮೂರು ವಾರಗಳನ್ನು ತಿಂದದ್ದು ಮೆನು. ನಿಲ್ದಾಣ ಆರಿಸುವ ಪರದೆಯನ್ನು ಮೊದಲ ಬಾರಿ ಅಕ್ಕನ ಮಗಳಿಗೆ ತೋರಿಸಿದಾಗ ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿ, "ಮಾಮಾ, ಇದರಾಗ ಹುಬ್ಬಳ್ಳಿ ಎಲ್ಲೈತಿ?" ಎಂದು ಕೇಳಿದಳು. ಮೊದಲ ಸಾಲಿನಲ್ಲೇ ಇತ್ತು, ಆದರೆ "ಹುಬ್‌ಬಳ್‌ಳಿ" ಎಂಬಂತೆ ಇತ್ತು. ಅದರ ಕೆಳಗೆ "ಭೈರಿದೇವರಕೊಪ್‌ಪ", "ಸತ್‌ತೂರ", ಕೊನೆಯಲ್ಲಿ "ನಿರ್‌ಗಮನ". ನವನಗರ ಮಾತ್ರ ನೆಟ್ಟಗಿತ್ತು, ಏಕೆಂದರೆ ಅದರಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ.

ಮೊದಲ ಅನುಮಾನ ಫಾಂಟಿನ ಮೇಲೆಯೇ ಹೋಯಿತು. ಆದರೆ ಫಾಂಟಿನಲ್ಲಿ ಅಕ್ಷರವೇ ಇಲ್ಲದಿದ್ದರೆ ಅದರ ಜಾಗದಲ್ಲಿ ಖಾಲಿ ಚೌಕ ಕಾಣಿಸುತ್ತದೆ. ಇಲ್ಲಿ ಚೌಕ ಒಂದೂ ಇರಲಿಲ್ಲ. ಎಲ್ಲ ಅಕ್ಷರಗಳೂ ಬಂದಿದ್ದವು, ಒಂದಕ್ಕೊಂದು ಕೂಡಿರಲಿಲ್ಲ. ಹಾಗಾದರೆ ಕೂಡಿಸುವ ನಿಯಮಗಳು ಫಾಂಟಿನಲ್ಲಿ ಇಲ್ಲವೋ, ಅಥವಾ ಇದ್ದರೂ ಅವುಗಳನ್ನು ಯಾರೂ ಓದುತ್ತಿಲ್ಲವೋ ಎಂಬುದನ್ನು ಬೇರ್ಪಡಿಸಬೇಕಿತ್ತು. ಉಬುಂಟುವಿನ `libharfbuzz-bin` ಪ್ಯಾಕೇಜಿನಲ್ಲಿ ಇದಕ್ಕೆ ತಕ್ಕ ಸಲಕರಣೆ ಇದೆ. ಅದೇ ಫಾಂಟ್ ಫೈಲನ್ನು ಎರಡು ರೀತಿಯಲ್ಲಿ ಓಡಿಸಿದೆ:

```
hb-view NotoSansKannada-Regular.ttf "ಹುಬ್ಬಳ್ಳಿ"
hb-view --shapers=fallback NotoSansKannada-Regular.ttf "ಹುಬ್ಬಳ್ಳಿ"
```

ಮೊದಲನೆಯದರಲ್ಲಿ ಊರಿನ ಹೆಸರು ಸರಿಯಾಗಿ ಮೂಡಿತು. ಎರಡನೆಯದು ಫಾಂಟಿನ ಕೂಡಿಸುವ ನಿಯಮಗಳನ್ನು ಬಿಟ್ಟು ಬರೀ ಅಕ್ಷರಗಳನ್ನು ಸಾಲಾಗಿ ಇಡುತ್ತದೆ, ಅದರಲ್ಲಿ ನನ್ನ ಮೆನುವಿನ ರೂಪವೇ ಕಂಡಿತು. ಫಾಂಟ್ ನಿರ್ದೋಷಿ, ತಪ್ಪು ನನ್ನ ಕೋಡಿನಲ್ಲಿತ್ತು.

ತಪ್ಪು ಯಾವುದೆಂದು ತಿಳಿಯಲು ಹುಬ್ಬಳ್ಳಿಯನ್ನೇ ಬಿಡಿಸಿ ನೋಡಬೇಕು. ಯೂನಿಕೋಡಿನಲ್ಲಿ ಅದು ಒಂಬತ್ತು ಸಂಕೇತಗಳ ಸಾಲು: ಹ, ಕೊಂಬು, ಬ, ಹಲಂತ, ಬ, ಳ, ಹಲಂತ, ಳ, ಗುಡಿಸು. ಒತ್ತಕ್ಷರಕ್ಕೆ ಯೂನಿಕೋಡಿನಲ್ಲಿ ಪ್ರತ್ಯೇಕ ಸಂಖ್ಯೆ ಇಲ್ಲ. "ಹಲಂತದ ನಂತರ ಬ ಬಂದರೆ ಬ ಒತ್ತಿನ ಚಿತ್ರ ಇಡು" ಎಂಬ ನಿಯಮ ಫಾಂಟಿನೊಳಗೆ ಇರುತ್ತದೆ, ಆ ಒತ್ತಿನ ಚಿತ್ರಕ್ಕೆ ಇರುವುದು ಫಾಂಟಿನ ಒಳಗಿನ ಕ್ರಮಸಂಖ್ಯೆ ಮಾತ್ರ. ನಾನು ಆಟ ಶುರುವಾದ ಕೂಡಲೇ U+0C80 ಯಿಂದ U+0CFF ವರೆಗಿನ 128 ಸಂಕೇತಗಳಿಗೆ ಒಂದೊಂದು ಚಿತ್ರ ತೆಗೆದು, ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿಟ್ಟು, ಪದ ಬಂದಾಗ ಅದರಿಂದ ಒಂದೊಂದನ್ನೇ ಕತ್ತರಿಸಿ ಅಂಟಿಸುತ್ತಿದ್ದೆ. ಇಂಗ್ಲಿಷಿಗೆ ಇದು ಸಾಕು. ಕನ್ನಡದಲ್ಲಿ ಒತ್ತುಗಳು ಆ ಹಾಳೆಗೆ ಬಂದಿರಲೇ ಇಲ್ಲ.

ಕೊನೆಯ "ಳ್ಳಿ" ಇನ್ನೂ ಸ್ವಾರಸ್ಯಕರ. ಗುಡಿಸು ಸಾಲಿನಲ್ಲಿ ಕಟ್ಟಕಡೆಗೆ ಬರುತ್ತದೆ, ಆದರೆ ನಾವು ಬರೆಯುವಾಗ ಅದನ್ನು ಮೊದಲ ಳಕಾರಕ್ಕೆ ಸೇರಿಸಿ, ಆಮೇಲೆ ಕೆಳಗೆ ಒತ್ತು ಹಾಕುತ್ತೇವೆ. ಎಂದರೆ ಸಂಕೇತಗಳ ಕ್ರಮವನ್ನೇ ಬದಲಿಸಬೇಕು, ತಲೆಕಟ್ಟನ್ನು ತೆಗೆದು ಗುಡಿಸು ಕೂಡಿದ ಚಿತ್ರವನ್ನು ಇಡಬೇಕು. ನನ್ನ ಮೆನುವಿನಲ್ಲಿ ತಲೆಕಟ್ಟು ಹಾಗೆಯೇ ಉಳಿದು, ಪಕ್ಕದಲ್ಲಿ ಗುಡಿಸು ಬೇರೆಯಾಗಿ ನೇತಾಡುತ್ತಿತ್ತು. "ನಿರ್ಗಮನ"ದ ಅರ್ಕಾವೊತ್ತೂ ಹೀಗೆಯೇ: ರಕಾರ ಮೊದಲು ಬರುತ್ತದೆ, ಕಾಣಿಸುವುದು ಗಕಾರದ ಬಲಕ್ಕೆ. ಈ ಕ್ರಮಪಲ್ಲಟವನ್ನು ನಾನೇ ಬರೆಯುತ್ತೇನೆಂದು ಎರಡು ರಾತ್ರಿ ಕೂತು, ಐದನೆಯ ವಿನಾಯಿತಿಗೆ ಕೈಬಿಟ್ಟೆ.

ಕೊಪ್ಪಿಕರ್ ರಸ್ತೆಯ ಹತ್ತಿರ ಡಿಟಿಪಿ ಮಾಡುವ ಗೆಳೆಯರೊಬ್ಬರು ಸುಲಭದ ದಾರಿ ಹೇಳಿದರು: "ನುಡಿ ಹಳೇ ಫಾಂಟಿಗೆ ಕನ್ವರ್ಟ್ ಮಾಡಿ ಹಾಕ್ರಿ, ಎಲ್ಲಾ ಸರಿ ಆಗತೈತಿ." ಅವರು ಹೇಳಿದ್ದು ಸುಳ್ಳಲ್ಲ. ಆ ಫಾಂಟುಗಳಲ್ಲಿ ಒತ್ತು, ಗುಡಿಸಿನ ರೂಪಗಳೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗಗಳಲ್ಲಿ ಸಿದ್ಧವಾಗಿ ಕೂತಿರುತ್ತವೆ, ಕೂಡಿಸುವ ಕೆಲಸವೇ ಬೇಕಿಲ್ಲ. ಹಾಕಿ ನೋಡಿದೆ, ಮೆನು ಸರಿಯಾಯಿತು. ಆದರೆ ಫೈಲಿನಲ್ಲಿ ಉಳಿದದ್ದು ಓದಲಾಗದ ಇಂಗ್ಲಿಷ್ ಚಿಹ್ನೆಗಳ ರಾಶಿ. ಸಾಲಿನ ನಡುವೆ ಒಂದು ಇಂಗ್ಲಿಷ್ ಪದ ಬಂದರೆ ಅದೂ ಕನ್ನಡದ ಚೂರುಗಳಾಗಿ ಮೂಡುತ್ತಿತ್ತು. ತಿರುಗಿ ಯೂನಿಕೋಡಿಗೆ ಬಂದೆ.

ಎಸ್‌ಡಿಎಲ್‌ನ ಜೊತೆಗಾರ ಗ್ರಂಥಾಲಯ `SDL_ttf` ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಗ್ರಂಥಾಲಯವನ್ನು ಬಳಸಬಲ್ಲದು. ಕ್ರಮ ಬದಲಿಸುವುದು, ಒತ್ತು ಆರಿಸುವುದು ಎಲ್ಲವೂ ಅದರ ಕೆಲಸ. ಫಾಂಟ್ ತೆರೆದ ಮೇಲೆ ಲಿಪಿ ಯಾವುದೆಂದು ಹೇಳಿ, ಇಡೀ ಸಾಲನ್ನು ಒಂದೇ ಬಾರಿಗೆ ಕೊಟ್ಟೆ:

```c
TTF_SetFontDirection(font, TTF_DIRECTION_LTR);
TTF_SetFontScriptName(font, "Knda");
```

ಪರದೆಯಲ್ಲಿ ಏನೂ ಬದಲಾಗಲಿಲ್ಲ. ಇಲ್ಲಿ ಒಂದು ದಿನ ಹೋಯಿತು, ಏಕೆಂದರೆ ದೋಷದ ಸಂದೇಶ ಕಾಣಿಸುವ ಹಾಗೆ ನಾನು ಈ ಕರೆಗಳ ಉತ್ತರವನ್ನೇ ಪರೀಕ್ಷಿಸಿರಲಿಲ್ಲ. ಕೊನೆಗೆ `TTF_GetHarfBuzzVersion` ಕರೆದು ಮೂರು ಸಂಖ್ಯೆ ಮುದ್ರಿಸಿದಾಗ 0.0.0 ಎಂದು ಬಂತು. ಹಾರ್ಫ್‌ಬಜ್ ಇಲ್ಲದೆಯೇ ನಾನು ಆ ಗ್ರಂಥಾಲಯವನ್ನು ಕಟ್ಟಿಕೊಂಡಿದ್ದೆ. `-DSDL2TTF_HARFBUZZ=ON` ಸೇರಿಸಿ ಮತ್ತೆ ಕಟ್ಟಿದ ಮೇಲೆ ಹುಬ್ಬಳ್ಳಿ, ಸತ್ತೂರ, ಕೊಪ್ಪ, ನಿರ್ಗಮನ ನಾಲ್ಕೂ ಒಟ್ಟಿಗೆ ಸರಿಯಾದವು. ನಿಮ್ಮ ಆಟದಲ್ಲಿ ಇದೇ ತೊಂದರೆ ಇದ್ದರೆ ಮೊದಲು ಈ ಸಂಖ್ಯೆ ನೋಡಿ, ಆಮೇಲೆ ಬೇರೆ ಯೋಚಿಸಿ.

ಹಳೆಯ 128 ಚಿತ್ರಗಳ ಹಾಳೆಯನ್ನು ಮೆನುವಿನಿಂದ ತೆಗೆದಿದ್ದೇನೆ. ಮೆನುವಿನಲ್ಲಿ ಇರುವುದು ಇಪ್ಪತ್ತು ಸಾಲು. ಪರದೆ ತೆರೆದಾಗ ಪ್ರತಿ ಸಾಲನ್ನು ಒಂದೊಂದು ಚಿತ್ರವಾಗಿ ಮಾಡಿಟ್ಟುಕೊಂಡರೆ ಸಾಕು. ಟಿಕೆಟ್ ಲೆಕ್ಕದ ಅಂಕಿಗಳು ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಅವಕ್ಕೆ ಕೂಡಿಸುವ ಗೋಜಿಲ್ಲ, ಆದ್ದರಿಂದ ಅಲ್ಲಿ ಹಳೆಯ ಹಾಳೆಯೇ ಇದೆ.

ಆಮೇಲೆ ಕಂಡದ್ದು ಕತ್ತರಿಸಿದ ಒತ್ತುಗಳು. ಇಂಗ್ಲಿಷ್ ಮೆನುವಿಗಾಗಿ ಸಾಲಿಗೆ 32 ಪಿಕ್ಸೆಲ್ ಎತ್ತರ ಇಟ್ಟಿದ್ದೆ. ಅದರಲ್ಲಿ "ರಾಷ್ಟ್ರೀಯ ಹೆದ್ದಾರಿ" ಎಂಬ ಸಾಲಿನ ರ ಒತ್ತಿನ ತುದಿ ಕೆಳಗಿನ ಸಾಲಿನ ಹಿನ್ನೆಲೆಯಡಿ ಮುಚ್ಚಿಹೋಗುತ್ತಿತ್ತು. ಈಗ ಎತ್ತರವನ್ನು `TTF_FontHeight` ಕೊಡುವ ಮೌಲ್ಯದಿಂದಲೇ ತೆಗೆದುಕೊಳ್ಳುತ್ತೇನೆ. ಪಟ್ಟಿ ಉದ್ದವಾಗಿ ಒಂದು ನಿಲ್ದಾಣ ಪರದೆಯ ಹೊರಗೆ ಹೋಯಿತು, ಅದಕ್ಕೆ ಸ್ಕ್ರಾಲ್ ಹಾಕಬೇಕಾಯಿತು.

ಉಳಿದಿರುವುದು ಕಂಡಕ್ಟರನ ಕೂಗು. ನಿಲ್ದಾಣದ ಹೆಸರು ಅಕ್ಷರ ಅಕ್ಷರವಾಗಿ ಮೂಡಬೇಕು, ಆದರೆ ಒಂದೊಂದೇ ಸಂಕೇತ ಹೆಚ್ಚಿಸುತ್ತ ಹೋದರೆ ಹುಬ್ಬಳ, ಹುಬ್ಬಳ್, ಹುಬ್ಬಳ್ಳ ಎಂದು ರೂಪ ಬದಲಾಗುತ್ತ ಕಣ್ಣಿಗೆ ಕುಟುಕುತ್ತದೆ. `hb-shape` ಓಡಿಸಿದಾಗ ಪ್ರತಿ ಚಿತ್ರದ ಜೊತೆ ಅದು ಯಾವ ಸಂಕೇತದಿಂದ ಶುರುವಾದ ಗುಂಪಿಗೆ ಸೇರಿದ್ದೆಂಬ ಸಂಖ್ಯೆ ಬರುತ್ತದೆ. ಹುಬ್ಬಳ್ಳಿಗೆ ಅವು 0, 2, 5. ಆದ್ದರಿಂದ ಎರಡು, ಐದು, ಒಂಬತ್ತು ಸಂಕೇತಗಳಾದಾಗ ಮಾತ್ರ ಪರದೆಗೆ ಹೊಸ ರೂಪ ಹೋಗಬೇಕು: ಹು, ಹುಬ್ಬ, ಹುಬ್ಬಳ್ಳಿ. ಈ ಗಡಿಗಳನ್ನು ಹೆಸರಿನ ಪಕ್ಕದಲ್ಲೇ ಬರೆದಿಡುತ್ತಿದ್ದೇನೆ. ಭೈರಿದೇವರಕೊಪ್ಪದವರೆಗೆ ಆಗಿದೆ, ನವಲೂರು ಮತ್ತು ಜ್ಯುಬಿಲಿ ವೃತ್ತ ಬರುವ ಭಾನುವಾರಕ್ಕೆ.