ಮೈಸೂರು ಸಿಲ್ಕ್‌ಗೆ ಲಂಗ: ಇಲ್ಲಿವರೆಗಿನ ಕೆಲಸ

ಗಂಧದ ಬಣ್ಣದ ಮೈಸೂರು ಸಿಲ್ಕ್ ಸೀರೆ, ಮರೂನ್ ಅಂಚು. ಇದಕ್ಕೊಂದು ಲಂಗ ಹೊಲಿಯುವುದು ಸದ್ಯದ ಕೆಲಸ. ಈ ಕ್ರೇಪ್ ಬಲು ಮೆತ್ತಗೆ. ಒಳಗೆ ಏನಿದೆಯೋ ಅದರ ಆಕಾರವೇ ಹೊರಗೂ ಕಾಣುತ್ತದೆ. ಲಾಡಿಯ ಗಂಟು, ಸೊಂಟದ ಸುಕ್ಕು, ಲಂಗದ ಅಂಚು, ಯಾವುದೂ ಅಡಗುವುದಿಲ್ಲ. ಕಾಂಜೀವರಂ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಬಣ್ಣ

ಅಂಚಿಗೆ ಮ್ಯಾಚ್ ಆಗಲಿ ಅಂತ ಮರೂನ್ ಲಂಗ ತೆಗೆದುಕೊಳ್ಳುವವರು ಜಾಸ್ತಿ. ತಿಳಿ ಬಣ್ಣದ ಸೀರೆಗೆ ಇದು ಆಗುವುದಿಲ್ಲ, ಇಡೀ ಒಡಲು ಕೆಂಪಗೆ ಮಂಕಾಗುತ್ತದೆ. ಬಿಳಿ, ಗಂಧ, ಮೈಬಣ್ಣ, ಮೂರು ತುಂಡು ಬಟ್ಟೆ ಇಟ್ಟುಕೊಂಡು ಕಿಟಕಿ ಹತ್ತಿರ ನೋಡಿದೆ. ಸೀರೆಯ ಒಂದೇ ಪದರ ಮುಂದೆ, ತುಂಡು ಹಿಂದೆ, ಬೆಳಕು ಅದರ ಹಿಂದಿನಿಂದ. ನೆರಿಗೆ ಇರುವ ಕಡೆ ಎಷ್ಟೋ ಪದರ ಕೂಡುತ್ತವೆ, ಅಲ್ಲಿ ಯಾವ ಬಣ್ಣವಾದರೂ ನಡೆಯುತ್ತದೆ. ಬಣ್ಣ ಕಾಣುವುದು ಪದರ ಕಡಿಮೆ ಇರುವ ಹಿಂಭಾಗದಲ್ಲಿ. ಹಾಗಾಗಿ ಒಂದೇ ಪದರದಲ್ಲಿ ನೋಡಬೇಕು.

ಬಿಳಿ ಎದ್ದು ಕಂಡಿತು. ಲಂಗ ಮುಗಿಯುವ ಕಡೆ ಒಂದು ಗೆರೆಯೇ ಬಿತ್ತು, ಯಾಕಂದ್ರೆ ಅದರ ಕೆಳಗಿರುವುದು ಕಾಲಿನ ಬಣ್ಣ. ಮೈಬಣ್ಣದಲ್ಲಿ ಆ ಗೆರೆ ಕಾಣಲೇ ಇಲ್ಲ, ಆದರೆ ಸೀರೆಯ ಹೊಳಪು ಸ್ವಲ್ಪ ಇಳಿಯಿತು. ಕೊನೆಗೆ ಗಂಧಕ್ಕಿಂತ ಒಂಚೂರು ಗಾಢವಾದ ಬಣ್ಣಕ್ಕೆ ಬಂದೆ. ಬಿಳಿ ಆರ್ಗನ್ಝಾ ಥರ ಪೂರ್ತಿ ಪಾರದರ್ಶಕ ಸೀರೆಯಾದರೆ ಮಾತ್ರ ಮೈಬಣ್ಣವೇ ಸರಿ.

ಬಟ್ಟೆ

ಪಾಪ್ಲಿನ್ ಲಂಗದ ಮೇಲೆ ಕ್ರೇಪ್ ಅಂಟಿಕೊಳ್ಳುತ್ತದೆ. ಮೆಟ್ಟಿಲು ಹತ್ತಿ ನೋಡಿ, ನೆರಿಗೆಯ ತುದಿ ಮೊಣಕಾಲಿನ ಜೊತೆ ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಸ್ಯಾಟಿನ್ ಆದರೆ ಇದಕ್ಕೆ ತದ್ವಿರುದ್ಧ: ಕಾಲಿನ ಕಡೆ ಚೆನ್ನಾಗಿ ಜಾರುತ್ತದೆ, ಸೊಂಟದಲ್ಲೂ ಜಾರುತ್ತದೆ! ಸಿಕ್ಕಿಸಿದ ನೆರಿಗೆ ಸ್ವಲ್ಪ ಹೊತ್ತಿಗೇ ಒಂದೊಂದಾಗಿ ಕೆಳಗಿಳಿಯುತ್ತದೆ. ಅದಕ್ಕೇ ಸೊಂಟದ ಪಟ್ಟಿ ಪಾಪ್ಲಿನ್, ಕೆಳಗೆಲ್ಲ ಸ್ಯಾಟಿನ್ ಅಂತ ತೀರ್ಮಾನಿಸಿದೆ. ಸ್ಯಾಟಿನ್ ಎರಡು ಮೀಟರ್, ಪಾಪ್ಲಿನ್ ಅರ್ಧ ಮೀಟರ್ ಸಾಕಾಯಿತು. ಪಾಪ್ಲಿನ್ ಕುಗ್ಗುತ್ತದೆ, ಕತ್ತರಿಸುವ ಮೊದಲು ನೆನೆಸಿ ಒಣಗಿಸಿಬಿಡಿ.

ಕಟಿಂಗ್

ನನ್ನ ಸೊಂಟ 34 ಇಂಚು, ಹಿಪ್ 40, ಲಂಗದ ಉದ್ದ 38. ಅಂಗಡಿಯ ಲಂಗಗಳು ಎಲ್ಲರಿಗೂ ಆಗಲಿ ಅಂತ ಮೇಲೆ ಅಗಲವಾಗಿರುತ್ತವೆ. ಲಾಡಿ ಎಳೆದಾಗ ಆ ಹೆಚ್ಚುವರಿ ಬಟ್ಟೆಯೆಲ್ಲ ಮುಂದೆ ಗುಡ್ಡೆ ಬೀಳುತ್ತದೆ. ಅದರ ಮೇಲೆ ನೆರಿಗೆ ಸಿಕ್ಕಿಸಿದರೆ ಹೊಟ್ಟೆ ದಪ್ಪ ಕಾಣದೆ ಇನ್ನೇನು? ಹಾಗಾಗಿ ಪಟ್ಟಿಯನ್ನು 36 ಇಂಚಿಗೇ ನಿಲ್ಲಿಸಿದೆ. ಸುಕ್ಕಾಗುವುದು ಎರಡೇ ಇಂಚು, ಅದನ್ನೂ ಬೆನ್ನಿನ ಕಡೆ ತಳ್ಳಬಹುದು.

ಪಟ್ಟಿಯ ಅಗಲ 3 ಇಂಚು. ಲಾಡಿ ಓಡುವುದು ಮೇಲಿನ 1 ಇಂಚಲ್ಲಿ ಮಾತ್ರ. ಉಳಿದ 2 ಇಂಚು ಸಪಾಟಾಗಿ ಇರುತ್ತದೆ, ನೆರಿಗೆಯನ್ನು ಹಿಡಿದುಕೊಳ್ಳುವುದು ಅದೇ.

ಕೆಳಗೆ ಆರು ಪೀಸ್. ಒಂದೊಂದೂ ಮೇಲೆ 6, ಕೆಳಗೆ 13 ಇಂಚು, ಎರಡೂ ಕಡೆ ಹೊಲಿಗೆಗೆ ಅರ್ಧರ್ಧ ಇಂಚು ಬೇರೆ. ಪೀಸಿನ ಉದ್ದ 35, ಮೇಲಿನ ಹೊಲಿಗೆಗೂ ಕೆಳಗಿನ ಮಡಿಕೆಗೂ ಸೇರಿ ಇನ್ನೂ ಒಂದೂವರೆ ಇಂಚು. ಒಂದು ನೇರ, ಒಂದು ತಲೆಕೆಳಗೆ ಜೋಡಿಸಿದರೆ ಬಟ್ಟೆ ಉಳಿಯುತ್ತದೆ. ಹಿಪ್ ಹತ್ತಿರ, ಅಂದರೆ ಮೇಲಿನಿಂದ 8 ಇಂಚು ಕೆಳಗೆ, ಸುತ್ತಳತೆ 42 ಬಂತು. ಕೂರಲು ಎರಡು ಇಂಚು ಸಡಿಲ ಇದೆ. ಕೆಳಗಿನ ಘೇರು 78. ಇದಕ್ಕಿಂತ ತುಂಬಾ ಜಾಸ್ತಿಯಾದರೆ ಕ್ರೇಪ್ ಒಳಗೆ ಬಟ್ಟೆ ಮುದುಡಿ ಉಬ್ಬು ಕಾಣುತ್ತದೆ. ಫಿಶ್‌ಕಟ್ ಥರ ಬಿಗಿ ಮಾಡಿದರೆ ನಡೆಯುವಾಗ ನೆರಿಗೆ ಕಾಲುಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ.

ಆರು ಪೀಸಿನಲ್ಲಿ ಒಂದು ಒಳ್ಳೆ ಅನುಕೂಲ ಇದೆ. ಒಂದು ಪೀಸಿನ ಮಧ್ಯಭಾಗವನ್ನು ಹೊಕ್ಕುಳಿನ ಕೆಳಗೆ ಬರುವಂತೆ ಇಟ್ಟರೆ ನೆರಿಗೆಯಡಿ ಹೊಲಿಗೆ ಬರುವುದಿಲ್ಲ. ಎಡ, ಬಲ ಪಕ್ಕಕ್ಕೆ ತಾನಾಗಿ ಒಂದೊಂದು ಹೊಲಿಗೆ ಬೀಳುತ್ತದೆ. ಎಡಗಡೆಯದರಲ್ಲಿ ಪಟ್ಟಿ ಸೇರಿ ಮೇಲಿನ 8 ಇಂಚು ಹೊಲಿಯದೆ ಬಿಟ್ಟೆ. ಲಂಗ ಹಿಪ್ ದಾಟುವುದಕ್ಕೂ ಆಯಿತು, ಗಂಟು ನೆರಿಗೆಯಿಂದ ದೂರ ಹೋದಂತೆಯೂ ಆಯಿತು.

ಲಾಡಿ ಅರ್ಧ ಇಂಚಿನ ಚಪ್ಪಟೆ ಹತ್ತಿಯದು. ದುಂಡನೆಯದು ಸೊಂಟಕ್ಕೆ ಒತ್ತುತ್ತದೆ, ಗಂಟೂ ದೊಡ್ಡದಾಗುತ್ತದೆ. ಬೆನ್ನಿನ ಮಧ್ಯದಲ್ಲಿ ಅದಕ್ಕೆ ನಾಲ್ಕು ಹೊಲಿಗೆ ಹಾಕಿದ್ದೇನೆ. ಒಗೆಯುವಾಗ ಕಿತ್ತುಬಂದು ಮತ್ತೆ ಪಿನ್ನು ಹಾಕಿ ತೂರಿಸುವ ಗೋಳು ಬೇಡ, ಅಲ್ವಾ?

ಈಗ

ಲಂಗ ರಾತ್ರಿಯಿಂದ ಹ್ಯಾಂಗರ್‌ನಲ್ಲಿದೆ. ಓರೆಯಾಗಿ ಕತ್ತರಿಸಿದ ಅಂಚು ತೂಕಕ್ಕೆ ಸ್ವಲ್ಪ ಇಳಿಯುತ್ತದೆ, ಹೊಲಿಗೆ ಇರುವ ಕಡೆ ಈಗಲೇ ಕಾಲಿಂಚು ಇಳಿದಿದೆ. ಅದನ್ನು ಸಮ ಮಾಡಿ ಆಮೇಲೆ ಕೆಳಗಿನ ಮಡಿಕೆ ಹೊಲಿಯಬೇಕು. ಸೀರೆಯ ಅಂಚಿಗಿಂತ ಒಂದು ಇಂಚು ಮೇಲೆ ನಿಲ್ಲುವಷ್ಟು, ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಗುರುತು ಮಾಡುತ್ತೇನೆ.