ಮಿಕ್ಸಿಂಗ್ ಸ್ಟಡಿ, ನಾಲ್ಕನೇ ಕಂತು: ಫ್ರೀಜರ್‌ನಿಂದ ತೆಗೆದ ಟ್ಯೂಬ್ ಕೊಟ್ಟ ಸುಳಿವು

ಮೂರು ವಾರದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆರೋಗ್ಯವಂತರ ರಕ್ತ ಸೇರಿಸಿ ನಾವೇ ಮಾಡಿಕೊಂಡ ನಾರ್ಮಲ್ ಪೂಲ್ ಪ್ಲಾಸ್ಮಾ ತಪ್ಪು ಉತ್ತರ ಕೊಟ್ಟಿತ್ತು. ಯಾಕೆ ಅಂತ ಖಚಿತ ಆಗುವವರೆಗೆ ಬರೆಯೋದು ಬೇಡ ಅನಿಸಿತು. ನಿನ್ನೆ ಸಂಜೆ ಬೆಂಗಳೂರಿನಿಂದ ರಿಪೋರ್ಟ್ ಬಂತು. ಈಗ ಖಚಿತ ಆಗಿದೆ.

ಹೊಸಬರಿಗೆ ಒಂದು ಮಾತು. ಹಾಸನದಲ್ಲಿ ನಮ್ಮದು ಸಣ್ಣ ಲ್ಯಾಬ್. ಎರಡು ಚಾನೆಲ್‌ನ ಸೆಮಿ ಆಟೋ ಕೋಆಗ್ಯುಲೋಮೀಟರ್, ಒಂದು ಟೇಬಲ್ ಸೆಂಟ್ರಿಫ್ಯೂಜ್, ಮೈನಸ್ 20 ಡಿಗ್ರಿಯ ಒಂದು ಫ್ರೀಜರ್, ಇಷ್ಟೇ. ಎಪಿಟಿಟಿ, ಅಂದರೆ ಪ್ಲಾಸ್ಮಾ ಹೆಪ್ಪುಗಟ್ಟೋಕೆ ತಗೊಳ್ಳುವ ಸಮಯ, ಜಾಸ್ತಿ ಬಂದ ಸ್ಯಾಂಪಲ್‌ಗಳನ್ನೆಲ್ಲ ಬೆಂಗಳೂರಿಗೆ ಕಳಿಸಿ ನಾಲ್ಕು ದಿನ ಕಾಯುವ ಬದಲು, ಮೊದಲ ಹೆಜ್ಜೆಯಾದ ಮಿಕ್ಸಿಂಗ್ ಸ್ಟಡಿಯನ್ನಾದರೂ ನಮ್ಮಲ್ಲೇ ಮಾಡಬೇಕು ಅನ್ನೋದು ಈ ಪ್ರಾಜೆಕ್ಟ್. ರೋಗಿಯ ಪ್ಲಾಸ್ಮಾಗೆ ಪೂಲ್ ಬೆರೆಸಿದಾಗ ಸಮಯ ಸರಿಹೋದರೆ ಹೆಪ್ಪುಗಟ್ಟಿಸುವ ಪ್ರೋಟೀನ್, ಅಂದರೆ ಫ್ಯಾಕ್ಟರ್, ಕೊರತೆ. ಸರಿಹೋಗದಿದ್ದರೆ ಅದನ್ನು ತಡೆಯುವ ಇನ್‌ಹಿಬಿಟರ್ ಇದೆ ಅಂತ. ಕೆಲಸ ಮುಗಿದ ಮೇಲೆ, ಭಾನುವಾರಗಳಲ್ಲಿ ಮಾಡುತ್ತಿದ್ದೇನೆ.

ರೆಡಿಮೇಡ್ ಪೂಲ್ ಪ್ಲಾಸ್ಮಾ ಯಾಕೆ ಕೊಳ್ಳಲಿಲ್ಲ ಅಂತ ಹೋದ ಕಂತಿಗೆ ಹಲವರು ಕೇಳಿದ್ದೀರಿ. ಕೊಂಡಿದ್ದೆ. ಫ್ರೋಜನ್ ವಯಲ್ ಆರ್ಡರ್ ಮಾಡಿದ್ದೆ. ಸಪ್ಲೈಯರ್ ಅದನ್ನು ಜೆಲ್ ಪ್ಯಾಕ್ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ ಹಾಕಿ ಬಸ್ಸಿಗೆ ಕೊಟ್ಟಿದ್ದರು. ಪಾರ್ಸಲ್ ಕೈಗೆ ಸಿಗುವಾಗ ಜೆಲ್ ನೀರಾಗಿತ್ತು, ವಯಲ್ ಅಲ್ಲಾಡಿಸಿದರೆ ಕುಲುಕುತ್ತಿತ್ತು. ಕರಗಿ ಎಷ್ಟು ಹೊತ್ತಾಗಿದೆ ಅಂತ ಯಾರಿಗೆ ಗೊತ್ತು? ಫ್ಯಾಕ್ಟರ್ 8 ಅಷ್ಟು ಹೊತ್ತು ಕಾಯೋದಿಲ್ಲ. ವಾಪಸ್ ತಗೊಳ್ಳಿ ಅಂದರೆ, "ಸೀಲ್ ಒಡೆದಿಲ್ವಲ್ಲ ಸಾರ್, ಇನ್ನೇನು ತೊಂದರೆ" ಅಂದರು. ಒಣಪುಡಿ ರೂಪದ ವಯಲ್ ಕೇಳಿದರೆ ಹತ್ತಕ್ಕಿಂತ ಕಮ್ಮಿ ಕೊಡೋದಿಲ್ಲವಂತೆ. ಹಾಗಾಗಿ ಇಪ್ಪತ್ತು ಜನ ಆರೋಗ್ಯವಂತರನ್ನು ಸೇರಿಸಿ ಪೂಲ್ ಮಾಡಿದೆ. ಆ ಕಥೆ ಮೂರನೇ ಕಂತಿನಲ್ಲಿದೆ.

ಈಗ ಕೇಸ್‌ಗೆ ಬರೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಮೂವತ್ತರ ಆಸುಪಾಸಿನ ಹೆಂಗಸು, ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕಿತ್ತು. ಪಿಟಿ ನಾರ್ಮಲ್, ಪ್ಲೇಟ್‌ಲೆಟ್ ನಾರ್ಮಲ್, ಎಪಿಟಿಟಿ ಮಾತ್ರ 61 ಸೆಕೆಂಡ್. ನಮ್ಮ ರಿಯೇಜೆಂಟ್‌ಗೆ ಮೇಲಿನ ಮಿತಿ 37. ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಹೋಗಿತ್ತಾ, ಹೆರಿಗೆಯಲ್ಲಿ ಜಾಸ್ತಿ ಹೋಗಿತ್ತಾ ಅಂತ ಕೇಳಿದೆ. ಎರಡಕ್ಕೂ ಇಲ್ಲ ಅಂದರು. ಥ್ರಾಂಬಿನ್ ಟೈಮ್ ನಾರ್ಮಲ್ ಇತ್ತು, ಹಾಗಾಗಿ ಹೆಪಾರಿನ್ ಬೆರೆತಿರುವ ಅನುಮಾನ ಹೋಯಿತು.

ಸಮ ಸಮ ಬೆರೆಸಿ ಓಡಿಸಿದೆ. ಪೂಲ್ ಒಂದೇ ಓಡಿಸಿದಾಗ 31.0, ಮಿಕ್ಸ್ 36.8. ನಾರ್ಮಲ್ ಮಿತಿಯ ಒಳಗೇ ಬಂತು. ರೋಸ್ನರ್ ಇಂಡೆಕ್ಸ್ ಹಾಕಿದೆ:

```
(ಮಿಕ್ಸ್ − ಪೂಲ್) ÷ ರೋಗಿ × 100
(36.8 − 31.0) ÷ 61.0 × 100 = 9.5
```

ನಾವು ಇಟ್ಟುಕೊಂಡಿರುವ ಗಡಿ 12. ಅದಕ್ಕಿಂತ ಕಮ್ಮಿ ಬಂದರೆ ಕರೆಕ್ಟ್ ಆಯಿತು ಅಂತ ಅರ್ಥ. 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಮತ್ತೆ ಓಡಿಸಿದೆ. ಪೂಲ್ ಮತ್ತು ರೋಗಿಯ ಪ್ಲಾಸ್ಮಾ ಬೇರೆ ಬೇರೆ ಇಟ್ಟು ಕೊನೆಯಲ್ಲಿ ಬೆರೆಸಿದ್ದಕ್ಕೂ, ಮೊದಲೇ ಬೆರೆಸಿ ಇಟ್ಟಿದ್ದಕ್ಕೂ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಅಂದರೆ ನಿಧಾನವಾಗಿ ಕೆಲಸ ಮಾಡುವ ಫ್ಯಾಕ್ಟರ್ 8 ಇನ್‌ಹಿಬಿಟರ್ ಕೂಡ ಅಲ್ಲ. ಕಾಗದದ ಮೇಲೆ ಇದು ಅಪ್ಪಟ ಫ್ಯಾಕ್ಟರ್ ಕೊರತೆ. ಸರ್ಜನ್ ಫೋನ್ ಮಾಡಿ, "ಎಫ್‌ಎಫ್‌ಪಿ ತರಿಸಿಟ್ಕೊಳ್ಲಾ?" ಅಂದರು. ಕೊರತೆ ತುಂಬೋಕೆ ಕೊಡುವ ದಾನಿಗಳ ಪ್ಲಾಸ್ಮಾ ಅದು. ಒಂದು ದಿನ ಕೊಡಿ ಸಾರ್ ಅಂದೆ.

ಒಂದು ದಿನ ಕೇಳಿದ್ದು ಯಾಕೆ ಅಂದರೆ, ಲೆಕ್ಕ ಮತ್ತು ಮನುಷ್ಯರು ತಾಳೆ ಆಗ್ತಾ ಇರಲಿಲ್ಲ. 61 ಸೆಕೆಂಡ್ ಬರುವಷ್ಟು ಫ್ಯಾಕ್ಟರ್ 8 ಅಥವಾ 9 ಕಮ್ಮಿ ಇದ್ದರೆ ಹಲ್ಲು ಕೀಳಿಸಿದಾಗ, ಹೆರಿಗೆ ಆದಾಗ ಏನಾದರೂ ಗೊತ್ತಾಗಬೇಕು ಅಲ್ವಾ? ಫ್ಯಾಕ್ಟರ್ 12 ಕೊರತೆ ಆದರೆ ರಕ್ತಸ್ರಾವ ಇರೋದಿಲ್ಲ, ಅದು ನಿಜ. ಆದರೆ ಅದು ಅಪರೂಪ. ಏನೂ ತೊಂದರೆ ಇಲ್ಲದ ಹೆಂಗಸಿಗೆ ಎಪಿಟಿಟಿ ಇಷ್ಟು ಬಂದರೆ ಮೊದಲು ನೆನಪಾಗಬೇಕಾದ್ದು ಲೂಪಸ್ ಆ್ಯಂಟಿಕೋಆಗ್ಯುಲಂಟ್ ಅನ್ನೋ ಆ್ಯಂಟಿಬಾಡಿ.

ಸುಳಿವು ಸಿಕ್ಕಿದ್ದು ಮಾರನೇ ದಿನ. ಅವರ ಪ್ಲಾಸ್ಮಾ ಸ್ವಲ್ಪ ಉಳಿದಿತ್ತು. ರಕ್ತ ತೆಗೆದ ನಾಲ್ಕು ಗಂಟೆಯೊಳಗೇ ಅದನ್ನು ಫ್ರೀಜರ್‌ಗೆ ಹಾಕಿದ್ದೆ. ಬೆಳಿಗ್ಗೆ 37 ಡಿಗ್ರಿಯ ನೀರಲ್ಲಿ ಐದು ನಿಮಿಷ ಕರಗಿಸಿ, ಸುಮ್ನೆ ಒಮ್ಮೆ ನೋಡೋಣ ಅಂತ ಎಪಿಟಿಟಿ ಓಡಿಸಿದೆ. 47 ಸೆಕೆಂಡ್. ಡೂಪ್ಲಿಕೇಟ್ 46.2. ನಮ್ಮ ಟೆಕ್ನಿಷಿಯನ್ ಹುಡುಗಿ ಸ್ಕ್ರೀನ್ ನೋಡಿ, "ಸಾರ್, ಇದು ಬೇರೆಯವರ ಟ್ಯೂಬಾ?" ಅಂದಳು. ಲೇಬಲ್ ನೋಡಿದೆವು. ಅವರದ್ದೇ.

ಇದರ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ಫ್ರೀಜ್ ಮಾಡಿ ಕರಗಿಸಿದರೆ ಫ್ಯಾಕ್ಟರ್‌ಗಳು ಕಮ್ಮಿ ಆಗಬಹುದೇ ಹೊರತು ಜಾಸ್ತಿ ಆಗೋದಿಲ್ಲ. ಕೊರತೆಯ ಪ್ಲಾಸ್ಮಾ ಆಗಿದ್ದರೆ 61 ಇದ್ದಿದ್ದು 61 ಆಗಿಯೋ 64 ಆಗಿಯೋ ಬರಬೇಕು. 47ಕ್ಕೆ ಇಳಿಯಬೇಕಾದರೆ ಟ್ಯೂಬ್‌ನೊಳಗೆ ಹೊಸದೇನೋ ಸೇರಿರಬೇಕು. ಹೊರಗಿಂದ ನಾವೇನೂ ಹಾಕಿಲ್ಲ. ಒಳಗೇ ಇದ್ದು ಫ್ರೀಜರ್‌ನಲ್ಲಿ ಒಡೆದದ್ದು ಅಂದರೆ ಪ್ಲೇಟ್‌ಲೆಟ್.

ಲೂಪಸ್ ಆ್ಯಂಟಿಕೋಆಗ್ಯುಲಂಟ್ ಫ್ಯಾಕ್ಟರ್‌ಗಳ ಮೇಲೆ ನೇರವಾಗಿ ಕೈ ಹಾಕೋದಿಲ್ಲ. ಅದು ಹಿಡಿದುಕೊಳ್ಳುವುದು ಫಾಸ್ಫೋಲಿಪಿಡ್‌ಗೆ ಅಂಟಿದ ಪ್ರೋಟೀನ್‌ಗಳನ್ನು. ಎಪಿಟಿಟಿ ರಿಯೇಜೆಂಟ್‌ನಲ್ಲಿ ಫಾಸ್ಫೋಲಿಪಿಡ್ ಅಳತೆಯಲ್ಲಿ ಇರುತ್ತದೆ. ಫ್ಯಾಕ್ಟರ್‌ಗಳು ಸೇರಿ ಕೆಲಸ ಮಾಡಬೇಕಾದ ಆ ಜಾಗವನ್ನು ಆ್ಯಂಟಿಬಾಡಿ ಮುಚ್ಚಿಬಿಡುತ್ತದೆ, ಸಮಯ ಉದ್ದ ಆಗುತ್ತದೆ. ಒಡೆದ ಪ್ಲೇಟ್‌ಲೆಟ್‌ನಿಂದ ಜಾಸ್ತಿ ಫಾಸ್ಫೋಲಿಪಿಡ್ ಬಂದು ಬಿದ್ದರೆ ಆ್ಯಂಟಿಬಾಡಿ ಅದರ ಮೇಲೇ ಖರ್ಚಾಗಿ ಹೋಗುತ್ತದೆ. ಸಮಯ ಗಿಡ್ಡ ಆಗುತ್ತದೆ.

ಹಾಗಾದರೆ ಮಿಕ್ಸ್ ಕರೆಕ್ಟ್ ಆಗಿದ್ದು ಹೇಗೆ? ನಮ್ಮ ಪೂಲ್ ಕೂಡ ಫ್ರೀಜ್ ಮಾಡಿ ಕರಗಿಸಿದ್ದೇ. ಅದರಲ್ಲಿ ಪ್ಲೇಟ್‌ಲೆಟ್ ಉಳಿದಿದ್ದರೆ, ಕೊರತೆ ತುಂಬಿದ್ದು ಫ್ಯಾಕ್ಟರ್ ಅಲ್ಲ, ಪ್ಲೇಟ್‌ಲೆಟ್ ಚೂರುಗಳು. ಪೂಲ್ ಒಂದೇ ಓಡಿಸಿದಾಗ 31 ಚೆಂದವಾಗಿ ಬಂದಿದ್ದರಿಂದ ಅನುಮಾನ ಬರುವ ದಾರಿಯೇ ಇರಲಿಲ್ಲ.

ಹಳೇ ಪೂಲ್‌ನಲ್ಲಿ ಎಷ್ಟು ಪ್ಲೇಟ್‌ಲೆಟ್ ಇತ್ತು ಅಂತ ಈಗ ಎಣಿಸಿ ಪ್ರಯೋಜನ ಇಲ್ಲ. ಕರಗಿಸಿದ ಮೇಲೆ ಅವು ಒಡೆದಿರುತ್ತವೆ, ಕೌಂಟರ್‌ಗೆ ಕಾಣೋದಿಲ್ಲ. ಅದಕ್ಕೆ ನನ್ನದೇ ರಕ್ತ ತೆಗೆಸಿ, ಹಳೇ ಕ್ರಮದಲ್ಲೇ ಒಮ್ಮೆ ತಿರುಗಿಸಿ, ಮೇಲಿನ ಪ್ಲಾಸ್ಮಾವನ್ನು ಫ್ರೀಜ್ ಮಾಡದೆ ಸೆಲ್ ಕೌಂಟರ್‌ಗೆ ಹಾಕಿದೆ. ಒಂದು ಮೈಕ್ರೋಲೀಟರ್‌ಗೆ 46,000. ಇರಬೇಕಾದ್ದು 10,000ಕ್ಕಿಂತ ಕಮ್ಮಿ.

ಕಾರಣ ಸೆಂಟ್ರಿಫ್ಯೂಜ್‌ನ ಡಯಲ್‌ನಲ್ಲಿತ್ತು. ಪ್ರೋಟೋಕಾಲ್ ಕೇಳೋದು 1500 ಜಿ. ಡಯಲ್ ತೋರಿಸೋದು ಆರ್‌ಪಿಎಂ. ನಾವು ಸೀರಮ್‌ಗೆ ಇಡುವ 2500ರಲ್ಲೇ ಹತ್ತು ನಿಮಿಷ ಓಡಿಸುತ್ತಿದ್ದೆವು. ಸ್ಕೇಲ್ ಹಿಡಿದು ನಡುವಿನಿಂದ ಟ್ಯೂಬಿನ ತಳದವರೆಗೆ ಅಳೆದೆ. 12 ಸೆಂಟಿಮೀಟರ್.

```
g = 0.00001118 × r × rpm²
2500 rpm: 838 g
3500 rpm: 1643 g
```

ಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅದೂ ಒಂದೇ ಸಲ. ನಿಮ್ಮ ಸೆಂಟ್ರಿಫ್ಯೂಜ್‌ಗೆ ನನ್ನ ಆರ್‌ಪಿಎಂ ತಗೋಬೇಡಿ. ರೇಡಿಯಸ್ ನೀವೇ ಅಳೆಯಿರಿ.

ಮುಂದಿನ ಭಾನುವಾರ ಇಪ್ಪತ್ತೊಂದು ಜನ ಬಂದರು. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋರು ಯಾರೂ ಇಲ್ಲ ಅಂತ ಮೊದಲೇ ಕೇಳಿಕೊಂಡಿದ್ದೆ. ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದ್ದಾಯಿತು. ಈ ಸಲ 3500ರಲ್ಲಿ ಹದಿನೈದು ನಿಮಿಷ ತಿರುಗಿಸಿ, ಪ್ಲಾಸ್ಟಿಕ್ ಪಿಪೆಟ್‌ನಲ್ಲಿ ಮೇಲಿನ ಪ್ಲಾಸ್ಮಾ ಮಾತ್ರ ಇನ್ನೊಂದು ಪ್ಲಾಸ್ಟಿಕ್ ಟ್ಯೂಬ್‌ಗೆ ಹಾಕಿ, ಮತ್ತೆ ಹದಿನೈದು ನಿಮಿಷ ತಿರುಗಿಸಿದೆ. ಎರಡನೇ ಸಲ ತಳದಲ್ಲಿ ಕಣ್ಣಿಗೆ ಏನೂ ಕಾಣೋದಿಲ್ಲ. ಆದರೂ ಕೊನೆಯ ಅರ್ಧ ಸೆಂಟಿಮೀಟರ್ ಅಲ್ಲೇ ಬಿಡಬೇಕು. ನಾವು ಹುಡುಕುತ್ತಿದ್ದ ಪ್ಲೇಟ್‌ಲೆಟ್ ಕೂತಿರೋದು ಅಲ್ಲೇ. ಕೌಂಟ್ 4,000 ಬಂತು. ಅಷ್ಟು ಕೆಳಗೆ ನಮ್ಮ ಕೌಂಟರ್ ಬಹಳ ನಿಖರ ಅಲ್ಲ, ಆದರೆ 46,000 ಅಲ್ಲ ಅಂತ ಹೇಳೋಕೆ ಸಾಕು. ಒಬ್ಬರ ಎಪಿಟಿಟಿ 43 ಬಂದಿದ್ದರಿಂದ ಅವರದ್ದನ್ನು ಪೂಲ್‌ಗೆ ಸೇರಿಸದೆ, ಕಾದಿಟ್ಟಿದ್ದ ಇಪ್ಪತ್ತೊಂದನೆಯವರದ್ದನ್ನು ಸೇರಿಸಿದೆ.

ಆ ಹೆಂಗಸು ಮತ್ತೆ ಬಂದು ಹೊಸ ಸ್ಯಾಂಪಲ್ ಕೊಟ್ಟರು. ಅದನ್ನೂ ಎರಡು ಸಲ ತಿರುಗಿಸಿದೆ. ರೋಗಿ 60.2, ಪೂಲ್ 31.6, ಮಿಕ್ಸ್ 46.9. ಇಂಡೆಕ್ಸ್ 25.4. ಬೆರೆಸಿದ ತಕ್ಷಣವೇ ಇಷ್ಟು, ಎರಡು ಗಂಟೆ ಇಟ್ಟರೂ ಹೆಚ್ಚೇನೂ ಬದಲಾಗಲಿಲ್ಲ. ತಕ್ಷಣ ತೋರಿಸಿಕೊಂಡು ಅಲ್ಲೇ ನಿಲ್ಲುವ ಇನ್‌ಹಿಬಿಟರ್. ಮೊದಲ ದಿನದ ಉತ್ತರ ಪೂರ್ತಿ ತಿರುಗಿಬಿತ್ತು.

ಮಿಕ್ಸಿಂಗ್ ಅಷ್ಟರಿಂದಲೇ ಲೂಪಸ್ ಅಂತ ಬರೆಯುವ ಹಾಗಿಲ್ಲ. ಎರಡು ಸಲ ತಿರುಗಿಸಿದ ಪ್ಲಾಸ್ಮಾವನ್ನು ಫ್ರೀಜ್ ಮಾಡಿ, ಲೂಪಸ್ ಖಚಿತ ಮಾಡೋಕೆ ಹಾವಿನ ವಿಷ ಬಳಸುವ ಡಿಆರ್‌ವಿವಿಟಿ ಟೆಸ್ಟ್‌ಗೆ ಕಳಿಸಿದೆವು. ನಿನ್ನೆ ಬಂದ ರಿಪೋರ್ಟ್‌ನಲ್ಲಿ ಸ್ಕ್ರೀನ್ ಉದ್ದ, ಫಾಸ್ಫೋಲಿಪಿಡ್ ಜಾಸ್ತಿ ಹಾಕಿದ ಕನ್ಫರ್ಮ್‌ನಲ್ಲಿ ಸಮಯ ಇಳಿದಿದೆ. ನಮ್ಮ ಫ್ರೀಜರ್ ಅರಿವಿಲ್ಲದೆ ಮಾಡಿದ್ದೂ ಒಂಥರಾ ಅದೇ ಕನ್ಫರ್ಮ್ ಟೆಸ್ಟ್. ಸರ್ಜನ್‌ಗೆ ಫೋನ್ ಮಾಡಿ ಹೇಳಿದೆ. ಎಫ್‌ಎಫ್‌ಪಿ ಬೇಡವಾಯಿತು. ಟ್ಯೂಬ್‌ನಲ್ಲಿ ರಕ್ತ ನಿಧಾನ ಹೆಪ್ಪುಗಟ್ಟಿದರೂ ಇವರಿಗೆ ಮೈಯಲ್ಲಿ ಇರುವ ಭಯ ಹೆಪ್ಪುಗಟ್ಟುವುದರದ್ದೇ. ಈಗ ಫಿಜಿಷಿಯನ್ ನೋಡುತ್ತಿದ್ದಾರೆ.

ಡಿಆರ್‌ವಿವಿಟಿ ಅಂದಾಗ ನೆನಪಾಯಿತು. ಅದರಲ್ಲಿರುವ ವಿಷ ನಮ್ಮ ಹೊಲಗದ್ದೆಯಲ್ಲಿ ಸಿಗುವ ಕೊಳಕುಮಂಡಲ ಹಾವಿನದ್ದೇ. ಅದು ಫ್ಯಾಕ್ಟರ್ 10ನ್ನು ನೇರವಾಗಿ ಎಬ್ಬಿಸುತ್ತದೆ. ಅದಕ್ಕೇ ಆ ಟೆಸ್ಟ್‌ಗೆ ಫ್ಯಾಕ್ಟರ್ 8, 9, 11, 12ರ ಕೊರತೆ ಅಡ್ಡ ಬರೋದಿಲ್ಲ. ಹಾವು ಕಚ್ಚಿದವರಿಗೆ ಗಾಜಿನ ಟ್ಯೂಬ್‌ನಲ್ಲಿ ಇಪ್ಪತ್ತು ನಿಮಿಷ ರಕ್ತ ಇಟ್ಟು ನೋಡುತ್ತೇವಲ್ಲ, ಆ ಟ್ಯೂಬ್‌ಗಳನ್ನು ತೊಳೆಯುವ ಸೋಪು ಉತ್ತರವನ್ನು ಎಷ್ಟು ಕೆಡಿಸುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ನೋಡಬೇಕು. ಹೊಸ ಟ್ಯೂಬ್, ಸೋಪಲ್ಲಿ ತೊಳೆದ ಟ್ಯೂಬ್, ಎರಡರಲ್ಲೂ ನನ್ನದೇ ರಕ್ತ. ಅದು ಮುಂದಿನ ಪ್ರಾಜೆಕ್ಟ್.

ಅದಕ್ಕೂ ಮೊದಲು ಒಂದು ಕೆಲಸ ಇದೆ. ದುರ್ಬಲ ಲೂಪಸ್ ಆದರೆ ಸಮ ಸಮ ಬೆರೆಸಿದಾಗ ನೀರಾಗಿ ತಪ್ಪಿಸಿಕೊಳ್ಳಬಹುದು. ರೋಗಿಯದ್ದು ನಾಲ್ಕು ಪಾಲು, ಪೂಲ್ ಒಂದು ಪಾಲು ಹಾಕಿ ನೋಡಬೇಕು. ಹೊಸ ಪೂಲ್ ಮೈನಸ್ 20ರಲ್ಲಿ ಎರಡು ವಾರಕ್ಕಿಂತ ಹೆಚ್ಚು ನಂಬೋಕಾಗಲ್ಲ, ಇನ್ನು ಐದು ದಿನ ಉಳಿದಿದೆ. ಆ ಹೆಂಗಸಿನ ಟೆಸ್ಟ್ ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಬೇಕು, ಸೋಂಕು ಬಂದಾಗಲೂ ಇಂಥ ಆ್ಯಂಟಿಬಾಡಿ ಬಂದು ಹೋಗುವುದುಂಟು. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿದ್ದೇನೆ. ಸೆಂಟ್ರಿಫ್ಯೂಜ್ ಮುಚ್ಚಳದ ಮೇಲೆ ಹುಡುಗಿ ಒಂದು ಚೀಟಿ ಅಂಟಿಸಿದ್ದಾಳೆ: "ಎಪಿಟಿಟಿಗೆ 3500, ಎರಡು ಸಲ, ಫ್ರೀಜ್ ಮಾಡೋ ಮುಂಚೆ ಕೌಂಟ್."